ಫ್ರೀ ಟಿ4 ಎಷ್ಟಿದ್ದರೆ ಥೈರಾಯ್ಡ್ ಸ್ಟಾರ್ಮ್?

ಪ್ರಶ್ನೆ: ನಾನು ಎಮರ್ಜೆನ್ಸಿಯಲ್ಲಿ ಹೊಸ ಡ್ಯೂಟಿ ಡಾಕ್ಟರ್. ಫ್ರೀ ಟಿ4 ಎಷ್ಟು ದಾಟಿದರೆ ಥೈರಾಯ್ಡ್ ಸ್ಟಾರ್ಮ್ ಅಂತ ಟ್ರೀಟ್‌ಮೆಂಟ್ ಶುರು ಮಾಡಬೇಕು? ಇಷ್ಟೊಂದು ಔಷಧಿ ಒಟ್ಟಿಗೆ ಯಾಕೆ?

ಎಷ್ಟೂ ಅಲ್ಲ. ಅಂಥ ನಂಬರ್ ಇಲ್ಲವೇ ಇಲ್ಲ. ಇದೆ ಅಂದುಕೊಂಡು ನಾನು ಹತ್ತು ಗಂಟೆ ಕಳೆದುಕೊಂಡಿದ್ದೆ.

ರಾತ್ರಿ ಒಂದೂವರೆಗೆ ಮೂವತ್ತು ದಾಟಿದ ಒಬ್ಬ ಹೆಂಗಸನ್ನು ಕರೆತಂದರು. ಜ್ವರ 103.4 ಫ್ಯಾರನ್‌ಹೀಟ್, ನಾಡಿ 146, ಎರಡು ದಿನದಿಂದ ವಾಂತಿ ಭೇದಿ. ಹಾಸಿಗೆಯಲ್ಲಿ ಹೊರಳಾಡುತ್ತಿದ್ದರು, ಗಂಡನ ಗುರುತು ಸಿಗುತ್ತಿರಲಿಲ್ಲ. ನಾನು ಸೆಪ್ಸಿಸ್ ಅಂತ ಬರೆದು ಆ್ಯಂಟಿಬಯಾಟಿಕ್, ಡ್ರಿಪ್ ಶುರು ಮಾಡಿದೆ. ಅಲ್ಲಿಯವರೆಗೆ ತಪ್ಪೇನಿಲ್ಲ. ಆಮೇಲೆ ಕತ್ತು ನೋಡಿದೆ, ಥೈರಾಯ್ಡ್ ಊದಿಕೊಂಡಿತ್ತು. ಕಣ್ಣು ಸ್ವಲ್ಪ ಮುಂದೆ ಬಂದಿತ್ತು. ಗಂಡನನ್ನು ಕೇಳಿದರೆ, "ಥೈರಾಯ್ಡ್ ಮಾತ್ರೆ ಇತ್ತು ಡಾಕ್ಟ್ರೇ, ಹುಷಾರಾದಳು ಅಂತ ಎರಡು ತಿಂಗಳ ಹಿಂದೆ ಬಿಟ್ಟಳು" ಅಂದರು.

ಸ್ಟಾರ್ಮ್ ಇರಬಹುದು ಅಂತ ನನಗೆ ಆಗಲೇ ಹೊಳೆದಿತ್ತು. ಅದೇ ಇವತ್ತಿಗೂ ಚುಚ್ಚುವುದು. ಹೊಳೆದಿತ್ತು, ಆದರೆ ರಕ್ತ ಕಳಿಸಿ ರಿಪೋರ್ಟ್‌ಗೆ ಕಾದೆ. ಬೆಳಿಗ್ಗೆ ಒಂಬತ್ತಕ್ಕೆ ಬಂತು. ಟಿಎಸ್‌ಎಚ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಫ್ರೀ ಟಿ4 5.2. ಹಿಂದಿನ ವಾರವಷ್ಟೇ ಓಪಿಡಿಯಲ್ಲಿ 6 ದಾಟಿದವರೊಬ್ಬರನ್ನು ನೋಡಿದ್ದೆ, ಅವರು ನಡೆದುಕೊಂಡು ಬಂದು ನಡೆದುಕೊಂಡೇ ಹೋಗಿದ್ದರು. ಹಾಗಾಗಿ 5.2 ಸ್ಟಾರ್ಮ್ ಅಲ್ಲ, ಬರೀ ಹೈಪರ್‌ಥೈರಾಯ್ಡ್ ಜೊತೆ ಸೋಂಕು ಅಂತ ತೀರ್ಮಾನಿಸಿಬಿಟ್ಟೆ. ಇನ್ನೂ ಎರಡೂವರೆ ಗಂಟೆ ಹೋಯಿತು.

ಈ ತಪ್ಪನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಸ್ಟಾರ್ಮ್ ಅನ್ನುವುದು ರಕ್ತದಲ್ಲಿ ಎಷ್ಟು ಹಾರ್ಮೋನ್ ಇದೆ ಅನ್ನುವುದಲ್ಲ. ಆ ಹಾರ್ಮೋನನ್ನು ದೇಹ ಇನ್ನು ತಡೆದುಕೊಳ್ಳುತ್ತಿಲ್ಲ ಅನ್ನುವುದು. ಮೊದಲೇ ಜಾಸ್ತಿ ಹಾರ್ಮೋನ್ ಇರುವವರಿಗೆ ಸೋಂಕು, ಆಪರೇಷನ್, ಹೆರಿಗೆ ಅಥವಾ ಮಾತ್ರೆ ನಿಲ್ಲಿಸಿದ್ದು ಒಂದು ಏಟು ಕೊಡುತ್ತದೆ. ಆಗ ಮಿದುಳು, ಹೃದಯ, ಕರುಳು, ದೇಹದ ಶಾಖ ಒಟ್ಟಿಗೆ ಹದ ತಪ್ಪುತ್ತವೆ. ಸ್ಟಾರ್ಮ್ ಇರುವವರ ಟಿ4, ಇಲ್ಲದವರ ಟಿ4 ಪಕ್ಕಪಕ್ಕ ಇಟ್ಟರೆ ಯಾವುದು ಯಾರದು ಅಂತ ಹೇಳಲಾಗುವುದಿಲ್ಲ. ಲ್ಯಾಬ್ ಹೇಳುವುದು ಥೈರಾಯ್ಡ್ ಜಾಸ್ತಿ ಇದೆ ಅಂತ ಮಾತ್ರ. ಉಳಿದದ್ದನ್ನು ಹೇಳಬೇಕಾದವರು ಹಾಸಿಗೆ ಪಕ್ಕ ನಿಂತ ನೀವು.

ಹನ್ನೊಂದೂವರೆಗೆ ನಮ್ಮ ಸೀನಿಯರ್ ಮೇಡಂ ಬಂದರು. ಬೈಯಲಿಲ್ಲ. ನನ್ನದೇ ಕೇಸ್ ಶೀಟ್ ತೆಗೆದು ಬರ್ಚ್–ವಾರ್ಟೋಫ್‌ಸ್ಕಿ ಸ್ಕೋರ್ ಕೂಡಿಸತೊಡಗಿದರು. ಜ್ವರಕ್ಕೆ 25, ಗೊಂದಲಕ್ಕೆ 20, ನಾಡಿಗೆ 25, ವಾಂತಿ ಭೇದಿಗೆ 10, ಮಾತ್ರೆ ಬಿಟ್ಟಿದ್ದಕ್ಕೆ 10. ಒಟ್ಟು 90. ಈ ಸ್ಕೋರ್‌ನಲ್ಲಿ 45 ಮುಟ್ಟಿದರೆ ಅಥವಾ ದಾಟಿದರೆ ಸ್ಟಾರ್ಮ್ ಸಾಧ್ಯತೆ ತುಂಬಾ ಹೆಚ್ಚು. "ಇದೆಲ್ಲ ನೀನೇ ಒಂದೂವರೆಗೆ ಬರೆದಿದ್ದೀಯಲ್ಲಪ್ಪಾ" ಅಂದರು. ಆ ಪಟ್ಟಿಯಲ್ಲಿ ಟಿ4ಗೆ ಜಾಗವೇ ಇಲ್ಲ ಅನ್ನುವುದು ನನಗೆ ಆಗ ಕಣ್ಣಿಗೆ ಬಿತ್ತು. ಹಾಗಂತ ಸ್ಕೋರ್ ಒಂದನ್ನೇ ನಂಬಬೇಡಿ. ಬರೀ ಸೆಪ್ಸಿಸ್ ಇರುವವರಿಗೂ ಜ್ವರ, ನಾಡಿ, ಗೊಂದಲ ಸೇರಿ 45 ದಾಟಬಹುದು. ಕತ್ತಿನ ಊತ, ಕಣ್ಣು, ಹಳೆಯ ಮಾತ್ರೆಯ ಕಥೆ ಜೊತೆಗಿದ್ದರೆ ಮಾತ್ರ ಆ ಅಂಕಿಗೆ ಬೆಲೆ.

ಅಷ್ಟು ಹೊತ್ತಿಗೆ ನಾಡಿ ಏರುಪೇರಾಗಿ ಏಟ್ರಿಯಲ್ ಫಿಬ್ರಿಲೇಷನ್ ಶುರುವಾಗಿತ್ತು, ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಹತ್ತು ಗಂಟೆಯ ಬೆಲೆ ಇದು. ರಾತ್ರಿ ಎದೆ ಸ್ವಚ್ಛವಾಗಿತ್ತು. ಆಗ ಪ್ರೊಪ್ರಾನೊಲಾಲ್ 60 ಮಿಲಿಗ್ರಾಂ ಬಾಯಿಗೆ ಕೊಟ್ಟು ನಾಲ್ಕು ಗಂಟೆಗೊಮ್ಮೆ ಮುಂದುವರಿಸಬಹುದಿತ್ತು. ಅದು ಹೃದಯದ ಓಟ ತಗ್ಗಿಸುತ್ತದೆ, ಜಾಸ್ತಿ ಡೋಸ್‌ನಲ್ಲಿ ಟಿ4 ಟಿ3 ಆಗುವುದನ್ನೂ ಸ್ವಲ್ಪ ತಡೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಔಷಧಿ ಸೋತ ಹೃದಯವನ್ನು ನಿಲ್ಲಿಸಿಬಿಡುವ ಭಯ. ಹಾಗಾಗಿ ಐಸಿಯುನಲ್ಲಿ ಎಸ್ಮೊಲಾಲ್ ಅನ್ನು ತೀರಾ ಕಡಿಮೆ ಡೋಸ್‌ನಿಂದ ಶುರು ಮಾಡಿದರು. ಬಿಪಿ ಬಿದ್ದರೆ ನಿಲ್ಲಿಸಬಹುದು, ಕೆಲವೇ ನಿಮಿಷದಲ್ಲಿ ಅದರ ಪ್ರಭಾವ ಇಳಿಯುತ್ತದೆ. ಮೇಡಂ ಮಾನಿಟರ್ ಮುಂದಿಂದ ಕದಲಲಿಲ್ಲ.

ಇನ್ನು ಇಷ್ಟೊಂದು ಔಷಧಿ ಯಾಕೆ? ಥೈರಾಯ್ಡನ್ನು ಫ್ಯಾಕ್ಟರಿ ಅಂದುಕೊಳ್ಳಿ. ಒಳಗೆ ತಯಾರಿ ನಡೆಯುತ್ತಿದೆ, ಗೋಡೌನ್‌ನಲ್ಲಿ ವಾರಗಟ್ಟಲೆ ಸಾಲುವಷ್ಟು ಸರಕು ಇದೆ, ಹೊರಗೆ ಹೋದ ಟಿ4 ಊರೆಲ್ಲ ಓಡಾಡಿ ಟಿ3 ಆಗಿ ಗಲಾಟೆ ಎಬ್ಬಿಸುತ್ತಿದೆ. ಒಂದೇ ಔಷಧಿ ಇದನ್ನೆಲ್ಲ ನಿಲ್ಲಿಸಲ್ಲ. ಮೊದಲು ಪಿಟಿಯು, ಅಂದರೆ ಪ್ರೊಪೈಲ್‌ಥಯೋಯುರಾಸಿಲ್. ಶುರುವಿಗೆ 500ರಿಂದ 1000 ಮಿಲಿಗ್ರಾಂ, ಆಮೇಲೆ ನಾಲ್ಕು ಗಂಟೆಗೊಮ್ಮೆ 250. ತಯಾರಿಯನ್ನೂ ನಿಲ್ಲಿಸುತ್ತದೆ, ಹೊರಗಿನ ಟಿ4 ಟಿ3 ಆಗುವುದನ್ನೂ ತಡೆಯುತ್ತದೆ. ಇಂಜೆಕ್ಷನ್ ರೂಪದಲ್ಲಿ ಸಿಗುವುದಿಲ್ಲ, ಮಾತ್ರೆ ಪುಡಿ ಮಾಡಿ ರೈಲ್ಸ್ ಟ್ಯೂಬ್‌ನಲ್ಲಿ ಹಾಕಿದೆವು. ಪಿಟಿಯು ಕೈಗೆ ಸಿಗದಿದ್ದರೆ ಕಾರ್ಬಿಮಜೋಲ್ ಕೊಡಿ. ಅದಕ್ಕೆ ಎರಡನೇ ಗುಣ ಇಲ್ಲ, ಆದರೂ ಪಿಟಿಯು ಹುಡುಕುತ್ತ ಕೂರುವುದಕ್ಕಿಂತ ಸಾವಿರ ಪಾಲು ಮೇಲು.

ಒಂದು ಗಂಟೆ ಬಿಟ್ಟು ಅಯೋಡಿನ್. ಲುಗಾಲ್ಸ್ ದ್ರಾವಣ, ಎಂಟು ಹನಿ, ಆರು ಗಂಟೆಗೊಮ್ಮೆ. ಗೋಡೌನ್ ಬಾಗಿಲು ಮುಚ್ಚುವುದು ಇದೇ. ವಿಚಿತ್ರ ಅಂದರೆ ಹಾರ್ಮೋನ್ ತಯಾರಾಗುವುದೂ ಅಯೋಡಿನ್‌ನಿಂದಲೇ. ಪಿಟಿಯು ಒಳಗೆ ಹೋಗಿ ಯಂತ್ರ ನಿಲ್ಲಿಸುವ ಮೊದಲೇ ಅಯೋಡಿನ್ ಕೊಟ್ಟರೆ ಫ್ಯಾಕ್ಟರಿಗೆ ಹೊಸ ಕಚ್ಚಾ ಮಾಲು ಕೊಟ್ಟಂತೆ. ಒಂದು ಗಂಟೆ ಬಿಡುವುದು ಅದಕ್ಕೇ. ಇಡೀ ಟ್ರೀಟ್‌ಮೆಂಟ್‌ನಲ್ಲಿ ಬೇಕಂತಲೇ ಕಾಯಬೇಕಾದ್ದು ಈ ಒಂದು ಗಂಟೆ ಮಾತ್ರ. ನಾನು ಕಾದಿದ್ದು ಬೇರೆ ಕಡೆ.

ಹೈಡ್ರೊಕಾರ್ಟಿಸೋನ್ 300 ಮಿಲಿಗ್ರಾಂ ರಕ್ತನಾಳಕ್ಕೆ, ಆಮೇಲೆ ಎಂಟು ಗಂಟೆಗೊಮ್ಮೆ 100. ಇದನ್ನು ಜನ ಸುಮ್ನೆ ಸ್ಟಿರಾಯ್ಡ್ ಅಂತ ಹಾಕಿಬಿಡುತ್ತಾರೆ, ಕಾರಣ ಕೇಳಿದರೆ ತಡವರಿಸುತ್ತಾರೆ. ಇದೂ ಟಿ4 ಟಿ3 ಆಗುವುದನ್ನು ತಡೆಯುತ್ತದೆ. ಜೊತೆಗೆ ಇಂಥ ಸ್ಥಿತಿಯಲ್ಲಿ ದೇಹ ಕಾರ್ಟಿಸಾಲನ್ನು ಬೇಗ ಬೇಗ ಖಾಲಿ ಮಾಡುತ್ತದೆ, ಅಡ್ರಿನಲ್ ಗ್ರಂಥಿಗೆ ಅಷ್ಟು ಪೂರೈಸಲಾಗದೇ ಇರಬಹುದು.

ಜ್ವರಕ್ಕೆ ಪ್ಯಾರಸಿಟಮಾಲ್ ಮತ್ತು ಒದ್ದೆ ಬಟ್ಟೆ. ಆಸ್ಪಿರಿನ್ ಬೇಡವೇ ಬೇಡ, ಪ್ರೋಟೀನ್‌ಗೆ ಅಂಟಿಕೊಂಡು ಸುಮ್ಮನಿದ್ದ ಹಾರ್ಮೋನನ್ನು ಅದು ಬಿಡಿಸಿ ಹೊರಗೆ ಬಿಡುತ್ತದೆ. ಆ್ಯಂಟಿಬಯಾಟಿಕ್ ನಿಲ್ಲಿಸಲಿಲ್ಲ. ಸ್ಟಾರ್ಮ್ ಸಿಕ್ಕಿತು ಅಂತ ಸೋಂಕನ್ನು ಮರೆಯುವುದು ಇನ್ನೊಂದು ಕಾಯಿಲೆ, ಡಾಕ್ಟರುಗಳ ಕಾಯಿಲೆ.

ಮರುದಿನ ಮಧ್ಯಾಹ್ನ ಜ್ವರ 101ಕ್ಕೆ ಬಂತು, ನಾಡಿ 110. ಉಸಿರಾಟಕ್ಕೆ ಮಾತ್ರ ಆರು ದಿನ ವೆಂಟಿಲೇಟರ್ ಬೇಕಾಯಿತು. ಏಳನೇ ದಿನ ಗಂಡನನ್ನು ಹೆಸರು ಹಿಡಿದು ಕರೆದರು.

ನೀವು ಮಾಡಬೇಕಾದ್ದು ಇಷ್ಟು. ಅನುಮಾನ ಬಂದ ಕ್ಷಣ ಸೀನಿಯರ್‌ಗೆ ಫೋನ್ ಮಾಡಿ, ಐಸಿಯು ಹಾಸಿಗೆ ಕೇಳಿ. ಪಿಟಿಯು ಕೊಡುವ ಮೊದಲು ಟಿಎಸ್‌ಎಚ್, ಫ್ರೀ ಟಿ4, ಬಿಳಿ ರಕ್ತಕಣದ ಲೆಕ್ಕ, ಲಿವರ್ ಟೆಸ್ಟ್‌ಗೆ ರಕ್ತ ತೆಗೆದುಕೊಳ್ಳಿ. ಕೊನೆಯ ಎರಡು ಯಾಕೆಂದರೆ ಪಿಟಿಯು ಲಿವರ್‌ಗೂ ಬಿಳಿ ಕಣಕ್ಕೂ ಕೈ ಹಾಕಬಲ್ಲದು, ಮುಂದೆ ಹೋಲಿಸಲು ಮೊದಲ ದಿನದ ಅಂಕಿ ಬೇಕಾಗುತ್ತದೆ. ರಕ್ತ ಲ್ಯಾಬ್‌ಗೆ ಹೋಗುತ್ತಿರಲಿ, ನೀವು ಅಷ್ಟರಲ್ಲಿ ಮಾತ್ರೆ ಪುಡಿ ಮಾಡಿ.