ಲೋರಾ ಟ್ರೇನ್ ಆಗಿದೆ, ಆದರೆ ಫೋಟೊ ನನ್ನ ಶೈಲಿಗೆ ಬರುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ: ನಾನು ಇಂಕ್ ಪೆನ್ನು ಮತ್ತು ಜಲವರ್ಣದಲ್ಲಿ ಬಿಡಿಸಿದ ಸುಮಾರು 30 ಚಿತ್ರ ಹಾಕಿ ಎಸ್‌ಡಿ 1.5 ಮೇಲೆ ಲೋರಾ ಟ್ರೇನ್ ಮಾಡಿದ್ದೇನೆ. ಬರೀ ಪ್ರಾಂಪ್ಟ್ ಕೊಟ್ಟರೆ ಪರವಾಗಿಲ್ಲ, ನನ್ನ ಶೈಲಿಯೇ ಬರ್ತದೆ. ಫೋಟೊ ಕೊಟ್ಟರೆ ಮಾತ್ರ ಒಂದೋ ಫಿಲ್ಟರ್ ಹಾಕಿದ ಫೋಟೊ ಥರ ಕಾಣ್ತದೆ, ಇಲ್ಲಾಂದ್ರೆ ಆಳೇ ಬೇರೆ ಆಗ್ತಾರೆ. ಗೆರೆಗಳೂ ಸ್ವಲ್ಪ ಮಸುಕು.

ಉತ್ತರ: ಪ್ರಾಂಪ್ಟ್‌ನಿಂದ ನಿಮ್ಮ ಶೈಲಿ ಬರುತ್ತಿದೆ ಅಂದರೆ ಲೋರಾ ಬಹುಮಟ್ಟಿಗೆ ಕಲಿತಿದೆ. ತೊಡಕಿರುವುದು ಫೋಟೊವನ್ನು ಒಳಗೆ ಬಿಡುವ ರೀತಿಯಲ್ಲಿ.

ಇಮೇಜ್-ಟು-ಇಮೇಜ್‌ನಲ್ಲಿ ಫೋಟೊ ಮೇಲೆ ಮೊದಲು ನಾಯ್ಸ್ ಬೆರೆಸಿ, ಆಮೇಲೆ ಅದನ್ನು ಹಂತ ಹಂತವಾಗಿ ತೆಗೆಯುತ್ತಾ ಹೊಸ ಚಿತ್ರ ಕಟ್ಟಲಾಗುತ್ತದೆ. ಎಷ್ಟು ಬೆರೆಸಬೇಕು ಅನ್ನುವುದೇ `denoising strength`. 30 ಸ್ಟೆಪ್ ಇಟ್ಟು 0.4 ಕೊಟ್ಟರೆ ನಡೆಯುವುದು ಕೊನೆಯ 12 ಸ್ಟೆಪ್ ಮಾತ್ರ. ಆಕಾರ, ಅಳತೆ, ನೆರಳು-ಬೆಳಕು ಎಲ್ಲ ಅದಕ್ಕೂ ಮೊದಲೇ ತೀರ್ಮಾನವಾಗುವ ಸಂಗತಿಗಳು, ಹಾಗಾಗಿ ಅವು ಫೋಟೊದಿಂದ ಹಾಗೇ ಬಂದುಬಿಡುತ್ತವೆ. ಕೆನ್ನೆಯ ಮೇಲಿನ ನುಣುಪಾದ ನೆರಳು, ಹಿನ್ನೆಲೆಯ ಲೆನ್ಸ್ ಮಸುಕು ಉಳಿದು, ಲೋರಾಗೆ ಸಿಗುವುದು ಮೇಲುಮೇಲಿನ ಕೆಲಸ ಅಷ್ಟೇ. 0.8 ದಾಟಿಸಿದರೆ ಲೋರಾಗೆ ಕೈ ಬಿಡುವಾಗುತ್ತದೆ, ಆದರೆ ಫೋಟೊದಲ್ಲಿದ್ದ ವ್ಯಕ್ತಿ ಕಳೆದುಹೋಗುತ್ತಾರೆ. ನಡುವೆ ಎಲ್ಲೋ ಸರಿಯಾದ ಒಂದು ಅಂಕಿ ಇದೆ ಅಂತ ಹುಡುಕುತ್ತಾ ಕೂರಬೇಡಿ. ಆಕಾರ ಹಿಡಿದಿಡುವ ಕೆಲಸವನ್ನೇ ಕಂಟ್ರೋಲ್‌ನೆಟ್‌ಗೆ ವಹಿಸಿ.

ಮನೆ ಜಗುಲಿಯಲ್ಲಿ ಅಜ್ಜಿ ಕೂತಿರುವ ಫೋಟೊ ಅಂದುಕೊಳ್ಳಿ. `denoising strength` 0.85ಕ್ಕೆ ಏರಿಸಿ. ಫೋಟೊದ ಬಣ್ಣದ ಹದ ತುಸುವಾದರೂ ಉಳಿಯಬೇಕು, ಹಾಗಾಗಿ 1.0ರ ತನಕ ಹೋಗಬೇಡಿ. ಕಂಟ್ರೋಲ್‌ನೆಟ್‌ನಲ್ಲಿ `lineart` ಆರಿಸಿ `Control Weight` 0.7, `Ending Control Step` 0.65 ಇಡಿ. ಈ ಎರಡನೆಯ ಅಂಕಿಯೇ ನನ್ನ ಮಟ್ಟಿಗೆ ಮುಖ್ಯ. ಕೊನೆಯವರೆಗೂ ಹಿಡಿದರೆ ಫೋಟೊದ ಪ್ರತಿ ಅಂಚಿಗೂ ಗೆರೆ ಬೀಳುತ್ತದೆ: ಸೀರೆಯ ಎಲ್ಲ ಮಡಿಕೆ, ಹಿಂದಿನ ಮರದ ಎಲ್ಲ ಎಲೆ. ನಿಮ್ಮ ಶೈಲಿ ಅಂದರೆ ನೀವು ಎಳೆಯುವ ಗೆರೆಯಷ್ಟೇ ಅಲ್ಲ, ಎಳೆಯದೆ ಬಿಡುವ ಗೆರೆಯೂ ಹೌದು. ಮೂರನೇ ಎರಡು ಪಾಲಿನಲ್ಲಿ ಹಿಡಿತ ಸಡಿಲಿಸಿದರೆ ಉಳಿದ ಗೆರೆಗಳನ್ನು ಲೋರಾ ನಿಮ್ಮ ರೀತಿಯಲ್ಲಿ ಮುಗಿಸುತ್ತದೆ. ಆಗಲೂ ಗೆರೆ ಗಿಜಿಗಿಜಿ ಅನ್ನಿಸಿದರೆ `lineart` ಬಿಟ್ಟು `softedge` ಹಾಕಿ ನೋಡಿ.

ಆಳು ಬದಲಾಗುವುದಕ್ಕೆ ಇನ್ನೊಂದು ಕಾರಣ ಮುಖದ ಗಾತ್ರ. ಎಸ್‌ಡಿ 1.5 ಚಿತ್ರವನ್ನು 8ರ ಪಟ್ಟು ಕುಗ್ಗಿಸಿ ಕೆಲಸ ಮಾಡುತ್ತದೆ. ಮುಖ 64 ಪಿಕ್ಸೆಲ್ ಅಗಲವಿದ್ದರೆ ಅದರ ಕೈಗೆ ಸಿಗುವುದು ಬರೀ 8 ಮನೆ ಅಗಲ. ಅಷ್ಟರಲ್ಲಿ ಅಜ್ಜಿಯ ಕಣ್ಣು ಹಿಡಿಯಲು ಸಾಧ್ಯವೇ ಇಲ್ಲ. ಫೋಟೊವನ್ನು ಹತ್ತಿರಕ್ಕೆ ಕ್ರಾಪ್ ಮಾಡಿ ಕೊಡಿ.

ಗೆರೆ ಮಸುಕಾಗುವುದಕ್ಕೆ ಮಾತ್ರ ಟ್ರೇನಿಂಗ್ ಚಿತ್ರಗಳನ್ನೇ ಅನುಮಾನಿಸುತ್ತೇನೆ. ಎ4 ಹಾಳೆಯ ಅಗಲ 210 ಮಿ.ಮೀ. ಅದನ್ನು 512 ಪಿಕ್ಸೆಲ್‌ಗೆ ಇಳಿಸಿದರೆ ಒಂದು ಮಿ.ಮೀ.ಗೆ ಎರಡೂವರೆ ಪಿಕ್ಸೆಲ್ ಕೂಡ ಬರುವುದಿಲ್ಲ, 0.3 ಮಿ.ಮೀ. ನಿಬ್ಬಿನ ಗೆರೆ ಒಂದು ಪಿಕ್ಸೆಲ್‌ಗಿಂತ ತೆಳುವಾಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಲೋರಾ ಆ ಬೂದುಗೆರೆಯನ್ನೇ ನಿಮ್ಮ ಗೆರೆ ಅಂತ ಕಲಿತಿರುತ್ತದೆ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಪೂರ್ತಿ ಹಾಳೆಗಳ ಜೊತೆಗೆ ಮುಖ, ಕೈ, ಗಿಡಗಳ ಬಿಡಿ ತುಣುಕುಗಳನ್ನೂ ಸೇರಿಸಿ. ಮೂಲೆಯ ಸಹಿ ಅಳಿಸಿ, ಇಲ್ಲದಿದ್ದರೆ ಪ್ರತಿ ಚಿತ್ರದಲ್ಲೂ ಸಹಿಯಂಥ ಗೀಚು ಮೂಡುತ್ತದೆ.

ಕ್ಯಾಪ್ಷನ್‌ನಲ್ಲಿ ಚಿತ್ರದಲ್ಲಿರುವುದನ್ನೆಲ್ಲ ಹೆಸರಿಸಿ, ಶೈಲಿಯ ಬಗ್ಗೆ ಒಂದು ಮಾತೂ ಬರೆಯಬೇಡಿ:

```
rkhink, an old woman sitting on a veranda, brass pot, areca palms behind
```

ಹೆಸರಿಟ್ಟ ವಸ್ತುಗಳು ಆಯಾ ಪದಗಳಿಗೆ ಅಂಟಿಕೊಳ್ಳುತ್ತವೆ. ಹೆಸರಿಲ್ಲದೆ ಉಳಿದ ಗೆರೆ, ಬಣ್ಣ, ಕಾಗದದ ತರಿ ಮೊದಲಲ್ಲಿರುವ ಅರ್ಥವಿಲ್ಲದ ಪದಕ್ಕೆ ಸೇರುತ್ತವೆ. ಫೋಟೊ ಕೊಡುವಾಗಲೂ ಪ್ರಾಂಪ್ಟ್ ಇದೇ ಮಾದರಿಯಲ್ಲಿರಲಿ.

ಮತ್ತೆ ಟ್ರೇನ್ ಮಾಡುವಾಗ ರ್‍ಯಾಂಕ್ 16, ಲರ್ನಿಂಗ್ ರೇಟ್ `1e-4` ಸಾಕು, ಫೈಲ್ 20 ಎಂಬಿ ಒಳಗೇ ಇರುತ್ತದೆ. ಪ್ರತಿ ಎಪಾಕ್ ಉಳಿಸಿಕೊಂಡು ಒಂದೇ ಸೀಡ್, ಒಂದೇ ಫೋಟೊದಲ್ಲಿ ಹೋಲಿಸಿ. ನೀವು ಎಂದೂ ಬಿಡಿಸದ ವಸ್ತುವನ್ನೂ ಕೇಳಿ ನೋಡಿ. ಆಟೊರಿಕ್ಷಾ ಕೇಳಿದರೆ ಜಗುಲಿ, ಅಡಿಕೆ ಮರ ಬರುತ್ತಿದ್ದರೆ ಅತಿಯಾಗಿ ಕಲಿತಿದೆ, ಒಂದೆರಡು ಎಪಾಕ್ ಹಿಂದಿನದನ್ನು ಬಳಸಿ.

ಇಷ್ಟಾದರೂ ಒಂದು ಮಿತಿ ಇದೆ. ಈ ಲೋರಾ ನಿಮ್ಮ ಚಿತ್ರಗಳನ್ನು ಮಾತ್ರ ಕಂಡಿದೆ. ಫೋಟೊವೊಂದರಿಂದ ನೀವು ಏನು ತೆಗೆದುಕೊಂಡು ಏನು ಬಿಟ್ಟಿರಿ ಅನ್ನುವುದನ್ನು ಕಂಡಿಲ್ಲ. ಅದನ್ನು ಕಲಿಸಲು ಫೋಟೊ ಮತ್ತು ಅದನ್ನೇ ನೋಡಿ ನೀವು ಬಿಡಿಸಿದ ಚಿತ್ರ, ಹೀಗೆ ಜೋಡಿಗಳು ಬೇಕು. ಫ್ಲಕ್ಸ್ ಕಾಂಟೆಕ್ಸ್ಟ್‌ನಂಥ ಎಡಿಟಿಂಗ್ ಮಾಡೆಲ್‌ಗಳ ಮೇಲೆ ಅಂಥ ಲೋರಾ ಮಾಡಬಹುದು, ಆದರೆ ಜಿಪಿಯು ಮೆಮೊರಿ ಬಹಳ ಹೆಚ್ಚು ಬೇಕಾಗುತ್ತದೆ. ಅಂಥ ಎರಡು ಮೂರು ಜೋಡಿ ಈಗಾಗಲೇ ನಿಮ್ಮಲ್ಲಿದ್ದರೆ ಆ ಚಿತ್ರಗಳನ್ನು ಟ್ರೇನಿಂಗ್‌ನಿಂದ ಹೊರಗಿಡಿ. ಮೇಲಿನ ಸೆಟ್ಟಿಂಗ್‌ನಲ್ಲಿ ಆ ಫೋಟೊಗಳನ್ನು ಕೊಟ್ಟು, ಬಂದದ್ದನ್ನು ನಿಮ್ಮ ಚಿತ್ರದ ಪಕ್ಕದಲ್ಲಿಡಿ. ಗೆರೆ ನಿಮ್ಮದಕ್ಕಿಂತ ಹೆಚ್ಚಿದ್ದರೆ `Ending Control Step` ಇಳಿಸಿ, ಮುಖ ಜಾರಿದ್ದರೆ `Control Weight` ಸ್ವಲ್ಪ ಏರಿಸಿ.