ಊಹೆ ಸುಳ್ಳಾದರೆ ತಿರಸ್ಕರಿಸಬಹುದೇ?

“ನೋಂದಾಯಿತ ವರದಿಯೊಂದು ಎರಡನೇ ಹಂತದ ವಿಮರ್ಶೆಗೆ ಬಂದಿದೆ. ನಿದ್ದೆಗೆಟ್ಟರೆ ಸ್ಟ್ರೂಪ್ ಪರಿಣಾಮ ಹೆಚ್ಚುತ್ತದೆ ಎಂಬ ಊಹೆ ಸುಳ್ಳಾಗಿದೆ. ತಿರಸ್ಕರಿಸಲೇ?”

ಆ ಕಾರಣಕ್ಕೆ ದಯವಿಟ್ಟು ಬೇಡ. ನೋಂದಾಯಿತ ವರದಿಯಲ್ಲಿ ಪ್ರಶ್ನೆ, ವಿಧಾನ, ಮಾದರಿ ಗಾತ್ರಗಳನ್ನು ಮೊದಲ ಹಂತದಲ್ಲಿ, ದತ್ತಾಂಶ ಸಂಗ್ರಹಕ್ಕೂ ಮೊದಲೇ ತೂಗಿ ನೋಡಿ, ಯೋಜನೆಯಂತೆ ನಡೆದರೆ ಫಲಿತಾಂಶ ಏನೇ ಇದ್ದರೂ ಪ್ರಕಟಿಸುತ್ತೇವೆ ಎಂದು ಪತ್ರಿಕೆ ತಾತ್ವಿಕ ಒಪ್ಪಿಗೆ ಕೊಟ್ಟಾಗಿದೆ. ಸಾಮಾನ್ಯ ಲೇಖನದಲ್ಲಿ ಕೇಳುವಂತೆ ‘ಇದರಲ್ಲಿ ಹೊಸದೇನು?’ ಎಂದು ಈಗ ಕೇಳುವಂತಿಲ್ಲ.

ಪ್ರಯೋಗ ನಿಜವಾಗಿ ಕೆಲಸ ಮಾಡಿತೇ ಎಂಬುದನ್ನು ನೋಡಿ. ‘ಕೆಂಪು’ ಎಂಬ ಪದ ನೀಲಿ ಶಾಯಿಯಲ್ಲಿದ್ದಾಗ ಶಾಯಿಯ ಬಣ್ಣ ಹೇಳಲು ಸಾಮಾನ್ಯವಾಗಿ ತಡವಾಗುತ್ತದೆ; ಇದೇ ಸ್ಟ್ರೂಪ್ ಪರಿಣಾಮ. ಚೆನ್ನಾಗಿ ಮಲಗಿದವರಲ್ಲೂ ಆ ತಡ ಕಾಣದಿದ್ದರೆ ಅಳತೆಯೇ ಕೆಟ್ಟಿದೆ. ಈ ತಪಾಸಣೆಯನ್ನು ಯೋಜನೆಯಲ್ಲಿ ಮೊದಲೇ ಬರೆದಿದ್ದರೆ, ತಿರಸ್ಕರಿಸಲು ಅದು ನ್ಯಾಯವಾದ ಕಾರಣ. ತಡ ಕಂಡಿದ್ದು ನಿದ್ದೆಯಿಂದ ವ್ಯತ್ಯಾಸವಾಗಿಲ್ಲದಿದ್ದರೆ, ಅದೇ ಉತ್ತರ.

ಆಮೇಲೆ ಹೊಳೆದ ವಿಶ್ಲೇಷಣೆಗಳು ಪ್ರತ್ಯೇಕ ಶೀರ್ಷಿಕೆಯಡಿ ಇವೆಯೇ, ಪೀಠಿಕೆಯಲ್ಲಿ ಊಹೆ ಸದ್ದಿಲ್ಲದೆ ಬದಲಾಗಿದೆಯೇ ಎಂದು ಒಪ್ಪಿತ ಯೋಜನೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ.