ಮಾರ್ಚ್ ಬಿಲ್, ಏಪ್ರಿಲ್‌ನಲ್ಲಿ ಹೋದ ದುಡ್ಡು: ಯಾವ ವರ್ಷಕ್ಕೆ ಹಾಕೋದು?

ಪ್ರಶ್ನೆ: ಚಿಂತಾಮಣಿಯಲ್ಲಿ ಒಂದು ಅಂಗಡಿಯ ಲೆಕ್ಕ ಬರೀತೀನಿ. ಮಾರ್ಚ್ ಕೊನೆಯ ಕೆಲವು ಬಿಲ್‌ಗಳ ದುಡ್ಡು ಬ್ಯಾಂಕಿನಲ್ಲಿ ಏಪ್ರಿಲ್‌ಗೆ ಹೋಗಿದೆ. ಬಿಲ್ ಮೇಲಿನ ತಾರೀಖು ಹಿಡೀಬೇಕಾ, ಬ್ಯಾಂಕಿಂದಾ?

ಎರಡೂ ಅಲ್ಲ. ಬ್ಯಾಂಕಿಂದು ಹಿಡಿದು ನಾನು ಪೆಟ್ಟು ತಿಂದಿದ್ದೀನಿ.

ಕೋಲಾರದಲ್ಲಿ ಪೈಪು, ಡ್ರಿಪ್ ಸಾಮಾನಿನ ಅಂಗಡಿಯಲ್ಲಿದ್ದೆ. ಇಬ್ಬರು ಪಾಲುದಾರರ ಫರ್ಮು. 2022ರ ಮಾರ್ಚ್ 31, ಗುರುವಾರ, ಮಧ್ಯಾಹ್ನ ಪಿವಿಸಿ ಪೈಪಿನ ಲಾರಿ ಬಂತು. ಬಿಲ್ ಮೇಲೆ ಮಾರ್ಚ್ 29. ಮಾಲು 1,20,000, ಜಿಎಸ್‌ಟಿ 21,600. ಯಜಮಾನರು ಡ್ರೈವರ್ ಕೈಯಲ್ಲೇ ಚೆಕ್ ಕೊಟ್ಟು ಕಳಿಸಿದರು. ಮಾರನೇ ದಿನ ಬ್ಯಾಂಕಿನ ವರ್ಷಾಂತ್ಯ, ಶನಿವಾರ ಯುಗಾದಿ, ಆಮೇಲೆ ಭಾನುವಾರ. ಚೆಕ್ ಪಾಸಾಗಿದ್ದು ಏಪ್ರಿಲ್ 5ಕ್ಕೆ.

ನಾನು ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಸಾಲು ಸಾಲಾಗಿ ಎಂಟ್ರಿ ಹಾಕುತ್ತಿದ್ದೆ. ಹಾಗಾಗಿ ಆ ಖರೀದಿಯೂ ಚೆಕ್ಕೂ ಎರಡೂ ಏಪ್ರಿಲ್ 5ರಲ್ಲೇ ಕೂತವು. ಮಾರ್ಚ್ 31ಕ್ಕೆ ಪುಸ್ತಕದ ಬಾಕಿಗೂ ಬ್ಯಾಂಕಿನ ಬಾಕಿಗೂ ಒಂದು ಪೈಸೆ ವ್ಯತ್ಯಾಸವಿಲ್ಲ. ಅದನ್ನು ನೋಡಿ ಹಿಗ್ಗಿದ್ದೆ ಬೇರೆ. ವ್ಯತ್ಯಾಸ ಇರಬೇಕಿತ್ತು! ಕೊಟ್ಟ ಚೆಕ್ ಇನ್ನೂ ಪಾಸಾಗಿಲ್ಲ ಅಂದ ಮೇಲೆ ಎರಡೂ ಹೇಗೆ ಸಮ ಆಗುತ್ತವೆ?

ನಿಜವಾದ ಅನಾಹುತ ಆಗಿದ್ದು ಗೋಡೌನಿನಲ್ಲಿ. 31ರ ಸಂಜೆ ಹುಡುಗರು ದಾಸ್ತಾನು ಎಣಿಸಿದರು. ಬಂದಿಳಿದ ಪೈಪುಗಳನ್ನೂ ಎಣಿಸಿದರು, ಅದು ಸರಿಯೇ. ಆದರೆ ನನ್ನ ಪುಸ್ತಕದಲ್ಲಿ ಅವುಗಳ ಖರೀದಿಯೇ ಇಲ್ಲ. ಕೊಳ್ಳದೇ ಇರೋ ಮಾಲು ಉಳಿಕೆ ದಾಸ್ತಾನಿನಲ್ಲಿ ಕೂತರೆ ಅಷ್ಟೂ ಲಾಭವಾಗಿ ಕಾಣುತ್ತೆ. 1,20,000 ಇಲ್ಲದ ಲಾಭ. ಫರ್ಮಿಗೆ ಸೆಸ್ ಸೇರಿ 31.2 ಪರ್ಸೆಂಟ್, ಅಂದರೆ 37,440 ರೂಪಾಯಿ ಹೆಚ್ಚು ತೆರಿಗೆ ಕಟ್ಟಿದೆವು. ಟ್ರಯಲ್ ಬ್ಯಾಲೆನ್ಸ್ ಏನೂ ಹೇಳಲಿಲ್ಲ, ಯಾಕಂದರೆ ಡೆಬಿಟ್ ಕ್ರೆಡಿಟ್ ಎರಡೂ ಒಟ್ಟಿಗೇ ಮುಂದಿನ ವರ್ಷಕ್ಕೆ ಹೋಗಿದ್ದವು.

ಹೇಳಿದ್ದು ಮಾತ್ರ ಇನ್ನೊಂದಿತ್ತು. ಮಾರಿದವರು ನಮ್ಮ ಹೆಸರಿಗೆ ಹಾಕಿದ ಬಿಲ್‌ಗಳನ್ನು ಜಿಎಸ್‌ಟಿ ಪೋರ್ಟಲ್ ತೋರಿಸುವ ಪಟ್ಟಿ, ಅಂದರೆ ಮಾರ್ಚ್ ತಿಂಗಳ GSTR-2Bಯಲ್ಲಿ ಆ ಬಿಲ್ ಎದ್ದು ಕಾಣುತ್ತಿತ್ತು, ನನ್ನ ಮಾರ್ಚ್ ಖರೀದಿ ಪಟ್ಟಿಯಲ್ಲಿ ಇರಲಿಲ್ಲ. ‘ಜಿಎಸ್‌ಟಿ ಕ್ರೆಡಿಟ್ ಮುಂದಿನ ತಿಂಗಳು ತಗೊಂಡರಾಯ್ತು’ ಅಂತ ಬಿಟ್ಟೆ. 2023ರ ಫೆಬ್ರವರಿಯಲ್ಲಿ ಪೈಪಿನವರು ಲೆಡ್ಜರ್ ಕಳಿಸಿದಾಗ ಗೊತ್ತಾಯ್ತು: ಅವರ ಪುಸ್ತಕದಲ್ಲಿ ಮಾರ್ಚ್ 31ಕ್ಕೆ ನಮ್ಮಿಂದ 1,41,600 ಬರಬೇಕು, ನಮ್ಮಲ್ಲಿ ಸೊನ್ನೆ. ಅಷ್ಟು ಹೊತ್ತಿಗೆ ರಿಟರ್ನ್ ತಿದ್ದುವ ಡಿಸೆಂಬರ್ 31ರ ಗಡುವು ಮುಗಿದಿತ್ತು. ಮುಂದಿನ ವರ್ಷ ಲಾಭ ಅಷ್ಟೇ ಕಮ್ಮಿಯಾಗಿ ಲೆಕ್ಕ ಸರಿಹೋಯ್ತು ನಿಜ. ಆದರೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದಲ್ಲಿ ನಡೆಯೋ ಅಂಗಡಿ, ಒಂದು ವರ್ಷ ಮೊದಲೇ ಕಟ್ಟಿದ ದುಡ್ಡಿಗೆ ಬ್ಯಾಂಕಿನ ಬಡ್ಡಿ ಯಜಮಾನರ ಜೇಬಿಂದಲೇ ಹೋಯ್ತು. ಅವರು ಬೈಯಲಿಲ್ಲ, ‘ಏನಪ್ಪಾ ನೀನು’ ಅಂದರು ಅಷ್ಟೆ. ಬೈದಿದ್ದರೇ ವಾಸಿ ಇತ್ತು.

ಹಾಗಂತ ಬಿಲ್ ಮೇಲೆ ಅಚ್ಚಾಗಿರೋ ತಾರೀಖನ್ನೂ ಕಣ್ಣು ಮುಚ್ಚಿ ನಂಬಬೇಡಿ. ಬೆಸ್ಕಾಂ ಬಿಲ್ ಏಪ್ರಿಲ್‌ನಲ್ಲಿ ಅಚ್ಚಾಗುತ್ತೆ, ಉರಿಸಿದ್ದು ಮಾರ್ಚ್‌ನ ಕರೆಂಟು. ಅದು ಹಳೇ ವರ್ಷದ ಖರ್ಚೇ, ಕೊಡಬೇಕಾದ ಬಾಕಿ ಅಂತ ಮಾರ್ಚ್ 31ಕ್ಕೆ ತೋರಿಸಬೇಕು. ಕೇಳಬೇಕಾದ್ದು ಒಂದೇ: ಮಾಲು ಯಾವತ್ತು ನಮ್ಮದಾಯ್ತು, ಕೆಲಸ ಯಾವತ್ತು ಆಯ್ತು? ಮಾರ್ಚ್ 31ರ ಬಿಲ್ ಹಾಕಿ ಮಾಲು ಏಪ್ರಿಲ್ 3ಕ್ಕೆ ಬಂದರೆ ಇನ್ನೂ ಎಚ್ಚರ. ಅಲ್ಲಿಂದ ಲಾರಿ ಹತ್ತಿದಾಗಲೇ ಮಾಲು ನಮ್ಮದು ಅಂತ ಒಪ್ಪಂದವಿದ್ದರೆ ಖರೀದಿಯೂ ಮಾರ್ಚ್, ದಾಸ್ತಾನಿನಲ್ಲೂ ದಾರಿಯಲ್ಲಿರೋ ಮಾಲು ಅಂತ ಮಾರ್ಚ್‌ಗೇ ಬರಬೇಕು. ಇಲ್ಲಾಂದರೆ ಎರಡೂ ಏಪ್ರಿಲ್. ಒಂದನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಇಟ್ಟರೆ ನನ್ನ ಕಥೆಯೇ.

ಈಗ ಬಿಲ್ ಬಂದ ಕೂಡಲೇ ಹಿಂಬದಿಯಲ್ಲಿ ಕೆಂಪು ಪೆನ್ನಿನಲ್ಲಿ ಮಾಲು ಇಳಿದ ದಿನ ಬರೀತೀನಿ. ಥರ್ಮಲ್ ಕಾಗದದ್ದಾದರೆ ಅವತ್ತೇ ಜೆರಾಕ್ಸ್, ಬೇಸಿಗೆ ಕಳೆಯೋದರೊಳಗೆ ಅಚ್ಚು ಮಾಸಿ ಬಿಳೀ ಹಾಳೆ ಆಗಿರುತ್ತೆ. ಚೆಕ್ ಎಂಟ್ರಿ ಕೊಟ್ಟ ದಿನಕ್ಕೆ. ಪಾಸಾದ ದಿನವನ್ನು ಟ್ಯಾಲಿಯ ಬ್ಯಾಂಕ್ ರಿಕನ್ಸಿಲಿಯೇಷನ್‌ನಲ್ಲಿ Bank Date ಅಂತ ಇರೋ ಜಾಗದಲ್ಲಿ ಹಾಕಿದರೆ ಸಾಕು, ಬ್ಯಾಂಕಿನ ತಾರೀಖಿಗೆ ಬೇರೆ ಕೆಲಸವಿಲ್ಲ. ನಗದು ಪದ್ಧತಿಯಲ್ಲಿ ಲೆಕ್ಕ ಇಡೋ ಡಾಕ್ಟರು, ವಕೀಲರಿಗೆ ಮಾತ್ರ ದುಡ್ಡು ಕೊಟ್ಟ ದಿನವೇ ಲೆಕ್ಕ. ಅಲ್ಲೂ ಚೆಕ್ ಬೌನ್ಸ್ ಆಗದಿದ್ದರೆ ಕೊಟ್ಟ ದಿನ, ಪಾಸಾದ ದಿನವಲ್ಲ.